ಕೆಳಮುಖ ಬಾಣ ಇದ್ದರೇ ಸರಿ: ಲ್ಯುಕೇಮಿಯಾ ಮಾತ್ರೆಗಳ ಡೋಸ್ ಲೆಕ್ಕ

ರಕ್ತದ ರಿಪೋರ್ಟಿನಲ್ಲಿ ಸಂಖ್ಯೆಯ ಪಕ್ಕ ಕೆಳಮುಖ ಬಾಣ ಕಂಡರೆ ಎದೆ ಧಸಕ್ ಅನ್ನುತ್ತದೆ. ಮಗುವಿನ ರಿಪೋರ್ಟಾದರೆ ಕೇಳಲೇಬೇಡಿ. ಆದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್ ಆದ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಚಿಕಿತ್ಸೆಯ ಕೊನೆಯ, ಅತಿ ಉದ್ದದ ಘಟ್ಟವಾದ ಮೇಂಟೆನೆನ್ಸ್‌ನಲ್ಲಿ ಈ ಬಾಣ ಇರಬೇಕು. ಇಲ್ಲದಿದ್ದರೆ ವೈದ್ಯರು ಹುಬ್ಬು ಗಂಟಿಕ್ಕುತ್ತಾರೆ. "ಕೌಂಟ್ ನಾರ್ಮಲ್ ಬಂತು, ದೇವರು ದೊಡ್ಡವನು" ಎಂದು ಮನೆಯವರು ಸಂಭ್ರಮಿಸುವಾಗಲೇ ವೈದ್ಯರು ಮಾತ್ರೆ ಜಾಸ್ತಿ ಮಾಡುವ ಮಾತಾಡುತ್ತಾರೆ. ಈ ತಿರುವು ಮುರುವು ಅರ್ಥವಾಗದೆ ಎಷ್ಟೋ ಮನೆಗಳಲ್ಲಿ ಮಾತ್ರೆಯನ್ನು ಸುಮ್ನೆ ಬಿಟ್ಟುಬಿಡುತ್ತಾರೆ, ಇಲ್ಲವೇ "ಕೌಂಟ್ ಏರಿಸುವ" ರಸ, ಪುಡಿಗಳನ್ನು ಹುಡುಕಿಕೊಂಡು ಹೋಗುತ್ತಾರೆ. ನನಗೆ ತಾಳ್ಮೆ ತಪ್ಪುವುದೇ ಇಲ್ಲಿ.

ಮುಖ್ಯ ಔಷಧಿ ಎರಡೇ. ಮರ್ಕ್ಯಾಪ್ಟೊಪ್ಯೂರಿನ್ ದಿನಾ ಒಂದು ಹೊತ್ತು, ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. (ಎರಡನೆಯದನ್ನು ಮರೆತು ದಿನಾ ಕೊಟ್ಟರೆ ಪ್ರಾಣಕ್ಕೇ ಅಪಾಯ, ಹಾಗಾಗಿ ವಾರದ ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು.) ಮರ್ಕ್ಯಾಪ್ಟೊಪ್ಯೂರಿನ್ ಡಿಎನ್‌ಎ ಕಟ್ಟುವ ಪ್ಯೂರಿನ್‌ನಂತೆ ವೇಷ ಹಾಕಿಕೊಂಡು ಕೋಶದೊಳಗೆ ನುಸುಳುತ್ತದೆ. ಮೆಥೋಟ್ರೆಕ್ಸೇಟ್ ಡಿಎನ್‌ಎ ಕಟ್ಟಲು ಬೇಕಾದ ಫೋಲೇಟ್, ಅಂದರೆ ಫೋಲಿಕ್ ಆಮ್ಲದ ಬಗೆಯ ವಿಟಮಿನ್ನಿನ ದಾರಿಗೆ ಅಡ್ಡ ನಿಲ್ಲುತ್ತದೆ. ಬೇಗ ಬೇಗ ವಿಭಜನೆಯಾಗುವ ಕೋಶಕ್ಕೆ ಎರಡರಿಂದಲೂ ಪೆಟ್ಟು. ಅಡಗಿ ಕೂತ ಲ್ಯುಕೇಮಿಯಾ ಕೋಶಕ್ಕೂ ಪೆಟ್ಟು, ಮೂಳೆಮಜ್ಜೆಯ ಒಳ್ಳೆಯ ಕೋಶಗಳಿಗೂ ಪೆಟ್ಟು.

ಎಲ್ಲಾ ಉಪಾಯ ಇರುವುದು ಇಲ್ಲೇ. ಅಡಗಿ ಕೂತ ಲ್ಯುಕೇಮಿಯಾ ಕೋಶ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಔಷಧಿ ಸಾಕಾಗಿದೆಯಾ ಎಂದು ನೇರವಾಗಿ ಅಳೆಯಲು ದಾರಿಯಿಲ್ಲ. ಆದರೆ ಅದೇ ಔಷಧಿಯ ಪೆಟ್ಟು ತಿನ್ನುತ್ತಿರುವ ಮಜ್ಜೆಯ ಉತ್ಪಾದನೆಯನ್ನು ಅಳೆಯಬಹುದಲ್ವಾ? ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಸಂಖ್ಯೆ ತಗ್ಗಿದೆ ಎಂದರೆ ಔಷಧಿ ಮಜ್ಜೆಗೆ ಮುಟ್ಟಿದೆ ಎಂದರ್ಥ. ಅನೇಕ ಚಿಕಿತ್ಸಾಕ್ರಮಗಳಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ರಿಂದ 1500 ನ್ಯೂಟ್ರೋಫಿಲ್ ಇರಲಿ ಎನ್ನುತ್ತಾರೆ. ಕೆಲವರು ಕೆಳಗಿನ ಗೆರೆಯನ್ನು 750ಕ್ಕೆ ಎಳೆಯುತ್ತಾರೆ, ಇನ್ನು ಕೆಲವರು ಒಟ್ಟು ಬಿಳಿ ಕಣಗಳನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಗೆರೆ ಎಲ್ಲೇ ಇರಲಿ, ಆರೋಗ್ಯವಂತ ಮಗುವಿನ ಸಂಖ್ಯೆಗಿಂತ ಅದು ಕಡಿಮೆಯೇ. ಲ್ಯಾಬಿನ ಯಂತ್ರಕ್ಕೆ ಇದು ಗೊತ್ತಿಲ್ಲ, ಅದು ಬಾಣ ಹಾಕಿ ಕಳಿಸುತ್ತದೆ.

ಹಾಗಾದರೆ ಎಲ್ಲಾ ಮಕ್ಕಳಿಗೂ ಇಷ್ಟೇ ಮಿಲಿಗ್ರಾಂ ಎಂದು ಬರೆದು ಮುಗಿಸಬಹುದಿತ್ತಲ್ಲ? ಆಗುವುದಿಲ್ಲ. ಮರ್ಕ್ಯಾಪ್ಟೊಪ್ಯೂರಿನ್ ಮತ್ತು ಅದರಿಂದ ಹುಟ್ಟುವ ವಸ್ತುಗಳನ್ನು ನಿಷ್ಕ್ರಿಯಗೊಳಿಸುವ ಕಿಣ್ವಗಳಲ್ಲಿ ಟಿಪಿಎಂಟಿ, ಎನ್‌ಯುಡಿಟಿ15 ಎಂಬ ಎರಡು ಮುಖ್ಯ. ಇವು ಎಷ್ಟು ಚುರುಕು ಎನ್ನುವುದು ಹುಟ್ಟಿನಿಂದಲೇ ಬಂದದ್ದು. ಎನ್‌ಯುಡಿಟಿ15ರ ದುರ್ಬಲ ರೂಪ ಏಷ್ಯಾದ ಜನರಲ್ಲಿ ಯುರೋಪಿನವರಿಗಿಂತ ಜಾಸ್ತಿ. ಈ ಜೀನಿನ ಎರಡೂ ಪ್ರತಿ ದುರ್ಬಲವಾಗಿರುವ ಮಗುವಿಗೆ ದೇಹದ ಮೇಲ್ಮೈಯ ಒಂದು ಚದರ ಮೀಟರಿಗೆ ದಿನಕ್ಕೆ 10 ಮಿಲಿಗ್ರಾಂನಿಂದ ಶುರು ಮಾಡಿ ಎನ್ನುತ್ತವೆ ಮಾರ್ಗಸೂಚಿಗಳು. ಸಾಮಾನ್ಯ ಮಗುವಿಗೆ ಅದೇ 75. ಏಳು ಪಟ್ಟಿಗೂ ಮೀರಿದ ಅಂತರ, ಆದರೂ ಇಬ್ಬರ ಮಜ್ಜೆಗೂ ಬೀಳುವ ಪೆಟ್ಟು ಹೆಚ್ಚು ಕಡಿಮೆ ಒಂದೇ. ಅಂದರೆ ಮಾತ್ರೆಯ ಮೇಲೆ ಬರೆದ ಮಿಲಿಗ್ರಾಂ ಬರೀ ಊಹೆ. ನಿಜವಾದ ಡೋಸ್ ಎಷ್ಟು ಎಂದು ಹೇಳುವುದು ಮಜ್ಜೆ.

ಒಂದು ಮಗುವನ್ನು ಕಲ್ಪಿಸಿಕೊಳ್ಳೋಣ. ಆರು ವರ್ಷದ ಹುಡುಗಿ, ಎತ್ತರ 115 ಸೆಂ.ಮೀ., ತೂಕ 20 ಕೆ.ಜಿ. ಎರಡನ್ನೂ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಮೇಲ್ಮೈ 0.8 ಚದರ ಮೀಟರ್. ಕಿಣ್ವಗಳ ಪರೀಕ್ಷೆಯಲ್ಲಿ ತೊಂದರೆ ಕಂಡಿಲ್ಲ. ಮರ್ಕ್ಯಾಪ್ಟೊಪ್ಯೂರಿನ್ 75ರ ಲೆಕ್ಕದಲ್ಲಿ ದಿನಕ್ಕೆ 60 ಮಿಲಿಗ್ರಾಂ. ಮಾತ್ರೆ ಸಿಗುವುದು 50 ಮಿಲಿಗ್ರಾಂನದು, ಆದ್ದರಿಂದ ವಾರದ ಲೆಕ್ಕ ಹಾಕುತ್ತಾರೆ: ನಾಲ್ಕು ದಿನ ಒಂದೊಂದು, ಮೂರು ದಿನ ಒಂದೂವರೆ, ಒಟ್ಟು ಎಂಟೂವರೆ ಮಾತ್ರೆ. ಮೆಥೋಟ್ರೆಕ್ಸೇಟ್ ಚದರ ಮೀಟರಿಗೆ 20ರ ಲೆಕ್ಕದಲ್ಲಿ ವಾರಕ್ಕೊಮ್ಮೆ 16 ಮಿಲಿಗ್ರಾಂ, ಅಂದರೆ 2.5 ಮಿಲಿಗ್ರಾಂನ ಹೆಚ್ಚು ಕಡಿಮೆ ಆರೂವರೆ ಮಾತ್ರೆ.

ನಾಲ್ಕು ವಾರದ ನಂತರ ಬಿಳಿ ಕಣ 4,200, ಅದರಲ್ಲಿ ನ್ಯೂಟ್ರೋಫಿಲ್ ಶೇ. 62. ಬರೀ ಶೇಕಡಾ ನೋಡಿದರೆ ಏನೂ ತಿಳಿಯುವುದಿಲ್ಲ, ಗುಣಿಸಬೇಕು: 2,604. ಗೆರೆಗಿಂತ ತುಂಬಾ ಮೇಲೆ. ಡೋಸ್ ಏರಿಸೋಣವಾ? ಅನುಭವಿ ವೈದ್ಯೆ ಮೊದಲು ಕೇಳುವುದು ಬೇರೆ ಪ್ರಶ್ನೆ: "ಡಬ್ಬಿ ತಂದಿದ್ದೀರಾ ಅಮ್ಮಾ? ಎಷ್ಟು ಮಾತ್ರೆ ಉಳಿದಿದೆ ನೋಡೋಣ." ಕೊಟ್ಟಿದ್ದು 40, ನಾಲ್ಕು ವಾರಕ್ಕೆ ಬೇಕಿದ್ದು 34, ಉಳಿಯಬೇಕಿದ್ದು 6. ಡಬ್ಬಿಯಲ್ಲಿ 11 ಇವೆ. ಐದು ಮಾತ್ರೆ ಹೊಟ್ಟೆಗೆ ಹೋಗಿಲ್ಲ, ಅಂದರೆ ನೂರಕ್ಕೆ ಹದಿನೈದು ಪಾಲು ತಪ್ಪಿದೆ. ಅಮೆರಿಕದಲ್ಲಿ ಮುಚ್ಚಳ ತೆರೆದ ಹೊತ್ತನ್ನು ತಾನೇ ದಾಖಲಿಸುವ ಡಬ್ಬಿಗಳನ್ನು ಕೊಟ್ಟು ಇದನ್ನು ಅಳೆದಿದ್ದಾರೆ. ಶೇ. 95ಕ್ಕಿಂತ ಕಡಿಮೆ ಮಾತ್ರೆ ನುಂಗಿದ ಮಕ್ಕಳಲ್ಲಿ ರೋಗ ಮರುಕಳಿಸುವ ಅಪಾಯ ಎರಡು ಪಟ್ಟಿಗೂ ಜಾಸ್ತಿ ಕಂಡಿತ್ತು. ಅಮ್ಮನನ್ನು ಗದರುವುದರಿಂದ ಏನೂ ಸಿಗುವುದಿಲ್ಲ, ಮುಂದಿನ ಸಲ ಅವರು ಡಬ್ಬಿಯನ್ನೇ ತರುವುದಿಲ್ಲ, ಅಷ್ಟೆ. ಮಗು ನಿದ್ದೆಗೆ ಜಾರಿದ ರಾತ್ರಿಗಳಲ್ಲಿ ತಪ್ಪಿದೆ ಎಂದು ತಿಳಿದರೆ ಕೊಡುವ ಹೊತ್ತನ್ನು ಬದಲಿಸಬಹುದು. ಆ ದಿನ ಡೋಸ್ ಮುಟ್ಟುವುದಿಲ್ಲ.

ಮತ್ತೆ ನಾಲ್ಕು ವಾರಕ್ಕೆ 2,100, ಅದರ ಮುಂದಿನ ನಾಲ್ಕು ವಾರಕ್ಕೆ 1,950. ಮಾತ್ರೆ ಲೆಕ್ಕ ಎರಡು ಸಲವೂ ಸರಿಯಿದೆ. ಈಗ ಏರಿಸಬೇಕು, ಒಮ್ಮೆಗೆ ಕಾಲು ಭಾಗ, ಅದೂ ಎರಡು ಔಷಧಿಗಳಲ್ಲಿ ಒಂದನ್ನು ಮಾತ್ರ. 60 ಇದ್ದದ್ದು 75 ಆಗುತ್ತದೆ, ದಿನಾ ಒಂದೂವರೆ ಮಾತ್ರೆ. ಎರಡು ವಾರಕ್ಕೆ ನೋಡಿದರೆ 1,800. ಅಪ್ಪನಿಗೆ ಚಡಪಡಿಕೆ: "ಏನೂ ಆಗಿಲ್ವಲ್ಲ ಮೇಡಂ, ಇನ್ನೊಂದು ಸ್ವಲ್ಪ ಏರಿಸಿ."

ಏರಿಸಬಾರದು. ಯಾಕೆ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಮಜ್ಜೆ ಒಂದು ಸಸಿಮಡಿ ಇದ್ದ ಹಾಗೆ. ಇವತ್ತು ನೆಡಲು ಕಿತ್ತ ಪೈರು ಎಂದೋ ಬಿತ್ತಿದ ಬೀಜದ್ದು. ಒಂದು ನ್ಯೂಟ್ರೋಫಿಲ್ ಮಜ್ಜೆಯಲ್ಲಿ ವಿಭಜನೆಯಾಗಿ ಬಲಿತು ಹೊರಬರಲು ಹತ್ತರಿಂದ ಹದಿನಾಲ್ಕು ದಿನ ಬೇಕು, ಹೊರಬಂದ ಮೇಲೆ ರಕ್ತದಲ್ಲಿ ಇರುವುದು ಒಂದು ದಿನದ ಆಸುಪಾಸು. ಔಷಧಿ ಕೆಡಿಸುವುದು ಬಿತ್ತನೆಯನ್ನು, ನಾವು ಎಣಿಸುವುದು ಕೊಯ್ಲನ್ನು. ಜೊತೆಗೆ ಮರ್ಕ್ಯಾಪ್ಟೊಪ್ಯೂರಿನ್‌ನಿಂದ ಆಗುವ ಸಕ್ರಿಯ ವಸ್ತು ಕೋಶಗಳಲ್ಲಿ ನಿಧಾನವಾಗಿ ತುಂಬಿಕೊಳ್ಳುತ್ತದೆ, ಸಣ್ಣ ನಲ್ಲಿಯಿಂದ ದೊಡ್ಡ ಹಂಡೆ ತುಂಬಿದ ಹಾಗೆ. ಉದ್ದ ಪೈಪಿನ ಬಿಸಿನೀರಿನ ನಲ್ಲಿ ತಿರುಗಿಸಿ, ಬಿಸಿ ಬರಲಿಲ್ಲ ಎಂದು ಮತ್ತೆ ಮತ್ತೆ ತಿರುಗಿಸಿದವರಿಗೆ ಕೊನೆಗೆ ಮೈ ಸುಡುವುದು ಗೊತ್ತು. ಇಲ್ಲಿ ಪೈಪು ಎರಡು ವಾರಕ್ಕಿಂತಲೂ ಉದ್ದ ಇದೆ. ಎರಡನೇ ವಾರದಲ್ಲಿ ಇನ್ನೊಂದು ಸಲ ಏರಿಸಿದ್ದರೆ ಎರಡೂ ಏರಿಕೆಯ ಫಲ ಆರನೇ ವಾರದ ಹೊತ್ತಿಗೆ ಒಟ್ಟಿಗೆ ಬಂದು ಕೌಂಟ್ ಪಾತಾಳಕ್ಕೆ ಇಳಿಯುತ್ತಿತ್ತು. ಆಗ ಎಲ್ಲಾ ನಿಲ್ಲಿಸಬೇಕು, ನಿಲ್ಲಿಸಿದ ವಾರಗಳಲ್ಲಿ ಲ್ಯುಕೇಮಿಯಾಗೆ ಪೂರ್ತಿ ರಜಾ. ಜೋರು ಮಾಡಲು ಹೋಗಿ ಒಟ್ಟು ಔಷಧಿ ಕಡಿಮೆಯೇ ಕೊಟ್ಟಂತೆ. ವೈದ್ಯೆ ಕಾದರು. ನಾಲ್ಕನೇ ವಾರ 1,300.

ಮಧ್ಯೆ ಇನ್ನೊಂದು ಮೋಸವೂ ಇದೆ. ಕೆಲವು ಚಿಕಿತ್ಸಾಕ್ರಮಗಳಲ್ಲಿ ಆಗಾಗ ಐದು ದಿನ ಸ್ಟೀರಾಯ್ಡ್ ಕೊಡುತ್ತಾರೆ. ಅದು ರಕ್ತನಾಳದ ಗೋಡೆಗೆ ಅಂಟಿಕೊಂಡ ನ್ಯೂಟ್ರೋಫಿಲ್‌ಗಳನ್ನು ಬಿಡಿಸಿ ಹರಿವಿಗೆ ತಳ್ಳುತ್ತದೆ. ಆ ದಿನಗಳಲ್ಲಿ ರಕ್ತ ತೆಗೆದರೆ ಕೌಂಟ್ ಸುಳ್ಳು ಹೇಳುತ್ತದೆ.

ಆ ರಸ, ಪುಡಿಗಳ ವಿಚಾರಕ್ಕೆ ಬಂದರೆ ಸ್ವಲ್ಪ ಇತಿಹಾಸ ಬೇಕು. 1940ರ ದಶಕದಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಮಕ್ಕಳಿಗೆ ಫೋಲಿಕ್ ಆಮ್ಲದ ಬಗೆಯ ವಸ್ತುಗಳನ್ನು ಕೊಟ್ಟರು. ಮಜ್ಜೆಯಲ್ಲಿ ರೋಗದ ವೇಗ ಹೆಚ್ಚಿದಂತೆ ಕಂಡಿತು. ಹಾಗಾದರೆ ಫೋಲಿಕ್ ಆಮ್ಲಕ್ಕೆ ಅಡ್ಡ ಬರುವುದನ್ನೇ ಕೊಟ್ಟರೆ? ಅಂಥ ವಸ್ತುಗಳನ್ನು ತಯಾರಿಸಿ ಕೊಟ್ಟಿದ್ದು ಲೆಡರ್ಲೆ ಪ್ರಯೋಗಾಲಯದಲ್ಲಿ ನಮ್ಮ ದೇಶದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಅಮಿನೋಪ್ಟೆರಿನ್ ಪಡೆದ 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರು, ಸ್ವಲ್ಪ ಕಾಲಕ್ಕಷ್ಟೇ, ಎಂದು 1948ರಲ್ಲಿ ಪ್ರಕಟವಾಯಿತು. ಮೆಥೋಟ್ರೆಕ್ಸೇಟ್ ಅದೇ ಮನೆತನದ್ದು. (ಮರ್ಕ್ಯಾಪ್ಟೊಪ್ಯೂರಿನ್ ಕೊಟ್ಟಿದ್ದು ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್. 1988ರ ನೊಬೆಲ್ ಅವರಿಗೂ ಬಂತು, ಎಲಿಯನ್ ಪಿಎಚ್‌ಡಿ ಮುಗಿಸಿರಲೇ ಇಲ್ಲ.) ಈಗ ಯೋಚಿಸಿ: ಒಂದು ಕೈಯಲ್ಲಿ ಫೋಲೇಟ್ ತಡೆಯುವ ಮಾತ್ರೆ, ಇನ್ನೊಂದು ಕೈಯಲ್ಲಿ ಫೋಲಿಕ್ ಆಮ್ಲ ತುಂಬಿದ ಟಾನಿಕ್. ಕೌಂಟ್ ಏರಲೂಬಹುದು. ಬಾಗಿಲಿಗೆ ಹಾಕಿದ ಬೀಗ ತೆಗೆದಿದ್ದರಿಂದ ಏರಿದ್ದು ಅದು.

ನಮ್ಮ ಹುಡುಗಿಗೆ ಆಮೇಲೊಂದು ಸಲ ನೆಗಡಿ, ಜ್ವರ. ಕೌಂಟ್ 420. ಕೌಂಟ್ 500ಕ್ಕಿಂತ ಕೆಳಗಿದ್ದು ಜ್ವರವೂ ಇದ್ದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಓಡಬೇಕು, ಬೆಳಗಾಗಲಿ ಎಂದು ಕಾಯುವಂತಿಲ್ಲ. ಎರಡೂ ಮಾತ್ರೆ ನಿಲ್ಲಿಸಿದರು, ಆಂಟಿಬಯಾಟಿಕ್ ಕೊಟ್ಟರು. ಒಂದು ವಾರ ಬಿಟ್ಟು ನೋಡಿದರೆ 390. ನಿಲ್ಲಿಸಿದ ಮೇಲೂ ಇಳಿಯಿತಲ್ಲ ಎಂದು ಗಾಬರಿ ಬೀಳಬೇಕಿಲ್ಲ, ಅದೇ ಸಸಿಮಡಿ, ಜೊತೆಗೆ ವೈರಸ್ಸಿನ ಪಾಲು. ಎರಡನೇ ವಾರ 640, ಪ್ಲೇಟ್‌ಲೆಟ್ಟೂ ಚೆನ್ನಾಗಿದೆ. ಮತ್ತೆ ಶುರು.

ಎಷ್ಟರಿಂದ ಶುರು? ಮನೆಯವರಿಗೂ, ಕೆಲವೊಮ್ಮೆ ವೈದ್ಯರಿಗೂ, ಅರ್ಧ ಡೋಸ್ ಕೊಟ್ಟು ಅಲ್ಲೇ ಇದ್ದುಬಿಡೋಣ ಅನ್ನಿಸುತ್ತದೆ. ಒಮ್ಮೆ ಮಾತ್ರ, ಅದೂ ಸೋಂಕಿನಿಂದ ಬಿದ್ದಿದ್ದರೆ ಹಳೆಯ ಪೂರ್ತಿ ಡೋಸಿಗೇ ಮರಳುವ ಕ್ರಮ ಇದೆ. ಮತ್ತೆ ಮತ್ತೆ ಬೀಳುತ್ತಿದ್ದರೆ ಅರ್ಧದಿಂದ ಹಿಡಿದು ಮುಕ್ಕಾಲು, ಆಮೇಲೆ ಪೂರ್ತಿ ಎಂದು ಮೆಟ್ಟಿಲು ಹತ್ತಿಸುತ್ತಾರೆ. ಅರ್ಧದ ಮೆಟ್ಟಿಲಲ್ಲೇ ಮರೆತು ಕೂತ ಮಕ್ಕಳೇ ತೊಂದರೆಗೆ ಸಿಗುವುದು. ಈಕೆಗೆ 75ಕ್ಕೇ ಮರಳಿದರು. ನಾಲ್ಕು ವಾರಕ್ಕೆ ಬಿಳಿ ಕಣ 2,600, ನ್ಯೂಟ್ರೋಫಿಲ್ ಶೇ. 44, ಗುಣಿಸಿದರೆ 1,144.

ಅಷ್ಟರಲ್ಲಿ ಹುಡುಗಿ ಬೆಳೆದಿದ್ದಾಳೆ, 118 ಸೆಂ.ಮೀ., 21.5 ಕೆ.ಜಿ. ಹೊಸ ಮೇಲ್ಮೈ 0.84, ಪುಸ್ತಕದ ಲೆಕ್ಕ ದಿನಕ್ಕೆ 63 ಮಿಲಿಗ್ರಾಂ. ನುಂಗುತ್ತಿರುವುದು 75. ಹೊಸದಾಗಿ ಬಂದ ಕಿರಿಯ ವೈದ್ಯ ಡೋಸ್ ಜಾಸ್ತಿ ಆಯಿತೇನೋ ಎಂದು ಕೇಳಿದ. ವೈದ್ಯೆ 1,144ರ ಮೇಲೆ ಬೆರಳಿಟ್ಟು ತೋರಿಸಿದರು, ಚೀಟಿಯಲ್ಲಿ ದಿನಾ ಒಂದೂವರೆ ಎಂದು ಹಿಂದಿನಂತೆಯೇ ಬರೆದರು.