ಸುಟ್ಟಗಾಯದ ರೋಗಿಗೆ ಡ್ರಿಪ್ ಲೆಕ್ಕ, ನೋವು, ಡ್ರೆಸಿಂಗ್: ನರ್ಸಿಂಗ್ ವಿದ್ಯಾರ್ಥಿಗಳಿಗೆ

ಬರ್ನ್ಸ್ ವಾರ್ಡಿಗೆ ಪೋಸ್ಟಿಂಗ್‌ಗೆ ಬರುವ ವಿದ್ಯಾರ್ಥಿಗಳಿಗೆ ಪಾರ್ಕ್‌ಲ್ಯಾಂಡ್ ಸೂತ್ರ ಬಾಯಿಪಾಠ ಆಗಿರುತ್ತದೆ. ಉತ್ತರ ಕೂಡ ಸರಿಯಾಗಿಯೇ ಬರುತ್ತದೆ. ಆದರೆ ರೋಗಿಯ ಪಕ್ಕದಲ್ಲಿ ನಿಂತಾಗ ಆ ಉತ್ತರ ಹೇಳುವುದು ಡ್ರಿಪ್ಪನ್ನು ಯಾವ ವೇಗದಲ್ಲಿ ಶುರು ಮಾಡಬೇಕು ಅನ್ನುವುದನ್ನು ಮಾತ್ರ. ಅಲ್ಲಿಂದ ಮುಂದಿನ ವೇಗವನ್ನು ರೋಗಿಯ ಮೂತ್ರ ನೋಡಿ ತೀರ್ಮಾನಿಸಬೇಕು. ಇದನ್ನು ಒಂದೇ ಉದಾಹರಣೆ ಇಟ್ಟುಕೊಂಡು ಕೊನೆಯವರೆಗೆ ನೋಡೋಣ.

32 ವರ್ಷದ ಹೆಂಗಸು, ತೂಕ 50 ಕೆ.ಜಿ. ಬೆಳಿಗ್ಗೆ 7 ಗಂಟೆಗೆ ಒಲೆ ಹಚ್ಚುವಾಗ ಸೀರೆಗೆ ಬೆಂಕಿ ಹತ್ತಿದೆ. ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದಾರೆ, ಅಲ್ಲಿ ಒಂದು ಬಾಟಲಿ, ಅಂದರೆ 500 ಮಿ.ಲೀ. ರಿಂಗರ್ ಲ್ಯಾಕ್ಟೇಟ್ ಹಾಕಿ ಕಳಿಸಿದ್ದಾರೆ. ನಮ್ಮ ಬಳಿ ಬಂದಾಗ 10 ಗಂಟೆ.

ಮೊದಲು ಎಷ್ಟು ಭಾಗ ಸುಟ್ಟಿದೆ ನೋಡಬೇಕು. ಒಂಬತ್ತರ ನಿಯಮದಲ್ಲಿ ಎದೆ ಮತ್ತು ಹೊಟ್ಟೆಯ ಮುಂಭಾಗ ಸೇರಿ 18, ಬಲಗೈ ಸುತ್ತಲೂ ಪೂರ್ತಿ ಸುಟ್ಟಿರುವುದರಿಂದ 9. ಎಡ ಮುಂಗೈ ಮೇಲೆ ಚದುರಿದ ಗಾಯಗಳಿವೆ. ಅಂಥ ಕಡೆ ರೋಗಿಯದೇ ಅಂಗೈಯನ್ನು ಬೆರಳುಗಳ ಸಮೇತ ಅಳತೆಯಾಗಿ ಹಿಡಿಯಿರಿ. ಒಂದು ಅಂಗೈ ಸುಮಾರು 1 ಪರ್ಸೆಂಟ್. ಇಲ್ಲಿ ಮೂರು ಅಂಗೈಯಷ್ಟಿದೆ. ಒಟ್ಟು 30 ಪರ್ಸೆಂಟ್. ಕುತ್ತಿಗೆಯ ಹತ್ತಿರ ಚರ್ಮ ಸುಮ್ನೆ ಕೆಂಪಾಗಿದೆ, ಬೊಬ್ಬೆ ಎದ್ದಿಲ್ಲ. ಅದನ್ನು ಲೆಕ್ಕಕ್ಕೆ ಸೇರಿಸಬಾರದು. ಲೆಕ್ಕ ಜಾಸ್ತಿ ಆಗುವುದು ಬಹಳ ಸಲ ಈ ಕೆಂಪು ಚರ್ಮವನ್ನು ಸೇರಿಸುವುದರಿಂದಲೇ.

ಪಾರ್ಕ್‌ಲ್ಯಾಂಡ್ ಸೂತ್ರ ಅಮೆರಿಕದ ಡಲ್ಲಾಸ್ ನಗರದ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ ಚಾರ್ಲ್ಸ್ ಬ್ಯಾಕ್ಸ್‌ಟರ್ ಮತ್ತು ಅವರ ತಂಡ 1960ರ ದಶಕದಲ್ಲಿ ರೂಪಿಸಿದ್ದು. ಅದರ ಪ್ರಕಾರ:

4 ಮಿ.ಲೀ. × 50 ಕೆ.ಜಿ. × 30 = 6000 ಮಿ.ಲೀ., ಇದು 24 ಗಂಟೆಗೆ.

ಅರ್ಧ, ಅಂದರೆ 3000, ಮೊದಲ 8 ಗಂಟೆಯಲ್ಲಿ. ಉಳಿದ 3000 ಮುಂದಿನ 16 ಗಂಟೆಯಲ್ಲಿ. ಈ 8 ಗಂಟೆ ಎಣಿಸುವುದು ಬೆಂಕಿ ತಗುಲಿದ ಹೊತ್ತಿನಿಂದ, ಆಸ್ಪತ್ರೆಗೆ ಬಂದ ಹೊತ್ತಿನಿಂದ ಅಲ್ಲ. ಈಕೆಗೆ ಆ 8 ಗಂಟೆ ಮುಗಿಯುವುದು ಮಧ್ಯಾಹ್ನ 3ಕ್ಕೆ. ಉಳಿದಿರುವುದು 5 ಗಂಟೆ. 500 ಮಿ.ಲೀ. ಆಗಲೇ ಹೋಗಿದೆ. ಹಾಗಾಗಿ 2500 ಅನ್ನು 5ರಿಂದ ಭಾಗಿಸಿದರೆ ಗಂಟೆಗೆ 500 ಮಿ.ಲೀ. ಪರೀಕ್ಷೆಯಲ್ಲಿ ಪಾರ್ಕ್‌ಲ್ಯಾಂಡ್ ಅಂತ ಕೇಳಿದರೆ ಇದೇ ಉತ್ತರ.

ಈಗ ಎಷ್ಟೋ ಘಟಕಗಳಲ್ಲಿ ದೊಡ್ಡವರಿಗೆ 4ರ ಬದಲು 2 ಮಿ.ಲೀ.ನಿಂದ ಶುರು ಮಾಡುತ್ತಾರೆ. ಮಕ್ಕಳಿಗೆ 3. ಕರೆಂಟ್ ಹೊಡೆದ ಗಾಯಕ್ಕೆ ಮಾತ್ರ 4. ಅದೇ ಹೆಂಗಸಿಗೆ 2ರ ಲೆಕ್ಕ ಹಾಕಿದರೆ 24 ಗಂಟೆಗೆ 3000, ಮೊದಲ ಅರ್ಧ 1500, ಅದರಲ್ಲಿ 500 ಕಳೆದರೆ 1000. ಐದು ಗಂಟೆಗೆ ಹಂಚಿದರೆ ಗಂಟೆಗೆ 200 ಮಿ.ಲೀ. ಒಂದು ಮಿ.ಲೀ.ಗೆ 20 ಹನಿ ಬೀಳುವ ಸೆಟ್ ಇದ್ದರೆ ನಿಮಿಷಕ್ಕೆ ಸುಮಾರು 67 ಹನಿ. ಒಬ್ಬಳೇ ರೋಗಿಗೆ 500 ಒಂದು ಉತ್ತರ, 200 ಇನ್ನೊಂದು ಉತ್ತರ. ಎರಡೂ ಶುರುವಿನ ವೇಗ ಮಾತ್ರ, ಅದಕ್ಕೇ ಇಷ್ಟು ವ್ಯತ್ಯಾಸ ನಡೆಯುತ್ತದೆ. ಯಾವುದು ಅನ್ನುವುದನ್ನು ಡಾಕ್ಟರ್ ಬರೆಯುತ್ತಾರೆ. ಸುಟ್ಟ ಹೊತ್ತು, ಆಗಲೇ ಹೋದ ಡ್ರಿಪ್, ತೂಕ, ಈ ಮೂರನ್ನು ಕೇಳಿ ಕೇಸ್ ಶೀಟಿನಲ್ಲಿ ಬರೆಯುವುದು ನರ್ಸ್ ಕೆಲಸ. ರೋಗಿ ಇನ್ನೂ ತಡವಾಗಿ ಬಂದರೆ, ಉಳಿದ ಎರಡು ಗಂಟೆಯಲ್ಲೇ ಎಲ್ಲವನ್ನೂ ಹರಿಸೋಣ ಅಂತ ನೀವಾಗಿ ವೇಗ ಏರಿಸಬೇಡಿ. ಡಾಕ್ಟರನ್ನು ಕೇಳಿ.

ಇನ್ನು ಮೂತ್ರದ ವಿಷಯ. ದೊಡ್ಡವರಿಗೆ ಗಂಟೆಗೆ ಕೆ.ಜಿ.ಗೆ 0.5 ಮಿ.ಲೀ. ಬರಬೇಕು. ಈಕೆಗೆ ಕನಿಷ್ಠ 25. ಸಾಮಾನ್ಯವಾಗಿ ವಾರ್ಡಿನಲ್ಲಿ 30ರಿಂದ 50 ಅಂತ ಗುರಿ ಇಟ್ಟುಕೊಳ್ಳುತ್ತೇವೆ. ಕ್ಯಾಥೆಟರ್ ಹಾಕಿದ ತಕ್ಷಣ ಬಂದ ಮೂತ್ರ ರಾತ್ರಿಯಿಂದ ತುಂಬಿಕೊಂಡಿದ್ದು. ಅದನ್ನು ಬೇರೆ ಬರೆದಿಟ್ಟು ಬ್ಯಾಗ್ ಖಾಲಿ ಮಾಡಿ, ಆಮೇಲೆ ಗಂಟೆ ಎಣಿಸಿ. ಇಲ್ಲದಿದ್ದರೆ ಮೊದಲ ಗಂಟೆಯಲ್ಲೇ 300 ಮಿ.ಲೀ. ಅಂತ ಬರೆದು, ಎಲ್ಲ ಚೆನ್ನಾಗಿದೆ ಅಂದುಕೊಂಡು ಬಿಡುತ್ತೀರಿ.

11ರಿಂದ 12ರ ಗಂಟೆಯಲ್ಲಿ 15 ಮಿ.ಲೀ. ಬಂತು ಅಂತಿಟ್ಟುಕೊಳ್ಳಿ. ಮೊದಲು ಟ್ಯೂಬ್ ಮಡಚಿಕೊಂಡಿದೆಯಾ, ಐವಿ ಜಾಗ ಊದಿದೆಯಾ ನೋಡಿ. ಅವು ಸರಿ ಇದ್ದರೆ ಡಾಕ್ಟರಿಗೆ ಹೇಳಿ ವೇಗವನ್ನು ಸುಮಾರು 20 ಪರ್ಸೆಂಟ್ ಏರಿಸುತ್ತಾರೆ, 200 ಇದ್ದದ್ದು 240 ಆಗುತ್ತದೆ. ಇನ್ನೊಂದು ಗಂಟೆ ಕಾದು ಮತ್ತೆ ಅಳೆಯುತ್ತೇವೆ. ಎರಡು ಗಂಟೆ ಸತತವಾಗಿ 80, 90 ಬಂದರೆ ಅದೂ ಒಳ್ಳೆಯ ಸುದ್ದಿ ಅಲ್ಲ, ವೇಗ ಇಳಿಸಬೇಕು. ಇಳಿಸುವ ಮೊದಲು ಸಕ್ಕರೆ ಪರೀಕ್ಷೆ ಮಾಡಿ. ಸಕ್ಕರೆ ಏರಿದ್ದರೆ ದೇಹ ಒಣಗಿದ್ದರೂ ಮೂತ್ರ ಜಾಸ್ತಿ ಬರುತ್ತದೆ.

ಮೂತ್ರ ಜಾಸ್ತಿ ಬಂದರೆ ಇಳಿಸಲು ನಾವು ಹಿಂಜರಿಯುತ್ತೇವೆ. ಇದನ್ನು ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲ, ಅನುಭವಸ್ಥರಲ್ಲೂ ನೋಡಿದ್ದೇನೆ. ಹೆಚ್ಚಾದ ನೀರು ರಕ್ತನಾಳದಲ್ಲಿ ನಿಲ್ಲುವುದಿಲ್ಲ. ಸುಟ್ಟ ಮೊದಲ ದಿನ ಸಣ್ಣ ರಕ್ತನಾಳಗಳು ಸೋರುತ್ತಿರುತ್ತವೆ. ನೀರು ಗಾಯಕ್ಕೆ, ಶ್ವಾಸಕೋಶಕ್ಕೆ, ಹೊಟ್ಟೆಗೆ ಇಳಿಯುತ್ತದೆ. ಡ್ರಿಪ್ ಏರಿಸುತ್ತಾ ಹೋದಂತೆ ಮೂತ್ರ ಕಡಿಮೆ ಆಗುತ್ತಿದ್ದರೆ, ಹೊಟ್ಟೆ ಬಿಗಿದಿದ್ದರೆ, ಉಸಿರು ಮೇಲಕ್ಕೆ ಎಳೆಯುತ್ತಿದ್ದರೆ ಇನ್ನೊಂದು ಬಾಟಲಿ ಹಾಕುವ ಹೊತ್ತಲ್ಲ ಅದು. ಹೊಟ್ಟೆಯೊಳಗಿನ ಒತ್ತಡವೇ ಕಿಡ್ನಿಯನ್ನು ಅಮುಕುತ್ತಿರಬಹುದು. ಮೂತ್ರಕೋಶದ ಮೂಲಕ ಆ ಒತ್ತಡ ಅಳೆಯಬಹುದು. 20 ಮಿ.ಮೀ. ಪಾದರಸ ದಾಟಿದ್ದರೆ, ಜೊತೆಗೆ ಅಂಗಗಳು ಕೈಕೊಡುತ್ತಿದ್ದರೆ ಅದು ತುರ್ತು ಸ್ಥಿತಿ. ತಕ್ಷಣ ಡಾಕ್ಟರನ್ನು ಕರೆಯಿರಿ.

ಮಕ್ಕಳ ಲೆಕ್ಕ ಬೇರೆ. ಮೂತ್ರದ ಗುರಿ ಗಂಟೆಗೆ ಕೆ.ಜಿ.ಗೆ 1 ಮಿ.ಲೀ. ಚಿಕ್ಕ ಮಕ್ಕಳಿಗೆ ಈ ಡ್ರಿಪ್ಪಿನ ಜೊತೆ ಸಕ್ಕರೆ ಇರುವ ದಿನನಿತ್ಯದ ಡ್ರಿಪ್ ಪ್ರತ್ಯೇಕವಾಗಿ ಬೇಕು. ಹಾಗೇ ಕರೆಂಟ್ ಹೊಡೆದವರ ಮೂತ್ರ ಕೆಂಪು ಅಥವಾ ಕಾಫಿ ಬಣ್ಣಕ್ಕೆ ತಿರುಗಿದರೆ ದೊಡ್ಡವರಲ್ಲಿ ಗುರಿ ಗಂಟೆಗೆ 75ರಿಂದ 100.

ಈಗ ನೋವು. ರೋಗಿ ಚಡಪಡಿಸುತ್ತಿದ್ದಾರೆ, ಕ್ಯಾನುಲಾ ಕಿತ್ತುಕೊಳ್ಳಲು ನೋಡುತ್ತಿದ್ದಾರೆ ಅಂದರೆ ನೋವು ಅಂತ ತಕ್ಷಣ ತೀರ್ಮಾನಿಸಬೇಡಿ. ಮೊದಲು ಆಕ್ಸಿಜನ್, ನಾಡಿ, ಮೂತ್ರ ನೋಡಿ. ಉಸಿರು ಸಾಲದಿದ್ದರೂ, ರಕ್ತಪ್ರಮಾಣ ಕಡಿಮೆ ಆದರೂ ಮನುಷ್ಯ ಹಾಗೇ ಚಡಪಡಿಸುತ್ತಾನೆ. ಅವು ಸರಿ ಇವೆ ಅಂತ ಖಚಿತವಾದ ಮೇಲೆ ನೋವಿಗೆ ಔಷಧ ಕೊಡಲು ಹಿಂದೆಮುಂದೆ ನೋಡಬೇಡಿ.

ಮೊದಲ ದಿನ ನೋವಿನ ಇಂಜೆಕ್ಷನ್ ಸೊಂಟಕ್ಕೆ ಅಥವಾ ತೋಳಿಗೆ ಕೊಡಬಾರದು, ಐವಿ ಮೂಲಕವೇ ಕೊಡಬೇಕು. ಆ ಹೊತ್ತಿನಲ್ಲಿ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಮಾರ್ಫಿನ್ ಅಲ್ಲೇ ಕೂತಿರುತ್ತದೆ, ನೋವು ಹೋಗುವುದಿಲ್ಲ, ನಾವು ಮತ್ತೊಂದು ಕೊಡುತ್ತೇವೆ. ಡ್ರಿಪ್ಪಿನಿಂದ ರಕ್ತಸಂಚಾರ ಸುಧಾರಿಸಿದಾಗ ಎಲ್ಲ ಒಟ್ಟಿಗೆ ರಕ್ತಕ್ಕೆ ಸೇರಿ ಉಸಿರು ನಿಧಾನ ಆಗುತ್ತದೆ. ಐವಿಯಲ್ಲಾದರೆ ಸಣ್ಣ ಸಣ್ಣ ಪ್ರಮಾಣ. ಈಕೆಗೆ 2 ಮಿ.ಗ್ರಾಂ. ಕೊಟ್ಟು, ಐದರಿಂದ ಹತ್ತು ನಿಮಿಷ ಕಾದು, ಮತ್ತೆ ಕೇಳಿ, ಬೇಕಾದರೆ ಇನ್ನೊಂದು ಸಲ, ಎಲ್ಲವೂ ಡಾಕ್ಟರ್ ಬರೆದ ಮಿತಿಯೊಳಗೆ. ಪ್ರತಿ ಸಲವೂ ಉಸಿರು ಎಣಿಸಿ, ಕರೆದರೆ ಕಣ್ಣು ಬಿಡುತ್ತಾರಾ ನೋಡಿ. ಉಸಿರು ಹತ್ತಕ್ಕಿಂತ ಕೆಳಗಿಳಿದರೆ ಅಥವಾ ಎಬ್ಬಿಸಲು ಕಷ್ಟ ಆದರೆ ಮುಂದಿನ ಡೋಸ್ ನಿಲ್ಲಿಸಿ ಡಾಕ್ಟರನ್ನು ಕರೆಯಿರಿ. ನಾಲಾಕ್ಸೋನ್ ಟ್ರಾಲಿಯಲ್ಲಿ ಇರಲೇಬೇಕು.

ಎಷ್ಟು ನೋವು ಅಂತ 0ಯಿಂದ 10ರಲ್ಲಿ ಹೇಳಿ ಅಂದರೆ ಹಳ್ಳಿಯಿಂದ ಬಂದ ವಯಸ್ಸಾದವರು ಸುಮ್ಮನೆ ಮುಖ ನೋಡುತ್ತಾರೆ. "ಅಜ್ಜಿ, ರೂಪಾಯಿಗೆ ಎಷ್ಟಾಣೆ ಕಡಿಮೆ ಆಗಿದೆ?" ಅಂತ ಕೇಳಿ ನೋಡಿ. "ನಾಲ್ಕಾಣೆ ಕಡಿಮೆ ಆಗ್ಯದೆ ಸಿಸ್ಟರಮ್ಮಾ" ಅಂತ ತಕ್ಷಣ ಹೇಳುತ್ತಾರೆ. ಅದನ್ನು ಹಾಗೇ ಚಾರ್ಟಿಗೆ ಬರೆಯಿರಿ. ಮುಂದಿನ ಡ್ಯೂಟಿಯವರೂ ಅದೇ ಅಳತೆಯಲ್ಲಿ ಕೇಳಲಿ.

ಸುಟ್ಟಗಾಯದಲ್ಲಿ ಇಡೀ ದಿನ ಇರುವ ನೋವು ಒಂದು, ಡ್ರೆಸಿಂಗ್ ಹೊತ್ತಿನ ನೋವು ಇನ್ನೊಂದು. ಪ್ಯಾರಸಿಟಮಾಲ್ ಮತ್ತು ಹೊತ್ತುಹೊತ್ತಿಗೆ ಕೊಡುವ ಓಪಿಯಾಯ್ಡ್ ಮೊದಲನೆಯದಕ್ಕೆ. ಡ್ರೆಸಿಂಗ್‌ಗೆ ಬೇರೆ ಡೋಸ್ ಬೇಕು, ಎಷ್ಟೋ ಸಲ ಕೆಟಮಿನ್ ಬೇಕಾಗುತ್ತದೆ. ಅದಕ್ಕೆ ಅರಿವಳಿಕೆ ಡಾಕ್ಟರ್ ಇರಬೇಕು. ಐವಿ ಮಾರ್ಫಿನ್ ಪೂರ್ತಿ ಹಿಡಿಯಲು ಸುಮಾರು 20 ನಿಮಿಷ, ಬಾಯಿಂದ ಕೊಟ್ಟಿದ್ದಕ್ಕೆ ಹತ್ತಿರ ಹತ್ತಿರ ಒಂದು ಗಂಟೆ. ಔಷಧ ಕೊಟ್ಟು ಐದೇ ನಿಮಿಷಕ್ಕೆ ಪಟ್ಟಿ ಬಿಚ್ಚಿದರೆ ನೋವೆಲ್ಲ ಡ್ರೆಸಿಂಗ್‌ನಲ್ಲಿ ಅನುಭವಿಸಿ, ಆಮೇಲೆ ರೋಗಿ ಮಂಪರಿಗೆ ಜಾರುತ್ತಾರೆ. ಒಮ್ಮೆ ಹಾಗಾದರೆ ಮರುದಿನ ಡ್ರೆಸಿಂಗ್ ಟ್ರಾಲಿ ಸದ್ದಿಗೇ ನಡುಗುತ್ತಾರೆ. ಆ ಭಯಕ್ಕೆ ಆಮೇಲೆ ಡೋಸ್ ಹೆಚ್ಚಿಸಿ ಪ್ರಯೋಜನ ಇಲ್ಲ.

ಗಾಯದ ಆರೈಕೆಯಲ್ಲಿ ಮೂರು ಹಂತ ಅಂತ ಪುಸ್ತಕ ಹೇಳುತ್ತದೆ: ತುರ್ತು ಹಂತ, ಗಾಯ ಮುಚ್ಚುವವರೆಗಿನ ಹಂತ, ಪುನಶ್ಚೇತನ. ಮೊದಲ ಎರಡು ಮೂರು ದಿನ ಗಾಯಕ್ಕಿಂತ ಊತದ ಮೇಲೆ ಕಣ್ಣಿಡಿ. ಈಕೆಯ ಬಲಗೈ ಸುತ್ತಲೂ ಸುಟ್ಟಿದೆ. ಬಳೆ, ಉಂಗುರ ಬಂದ ಕೂಡಲೇ ತೆಗೆಯಬೇಕು, ಬರದಿದ್ದರೆ ಕತ್ತರಿಸಬೇಕು, ಮನೆಯವರಿಗೆ ಕಾರಣ ಹೇಳಿ. ಗಟ್ಟಿಯಾದ ಸುಟ್ಟ ಚರ್ಮ ಹಿಗ್ಗುವುದಿಲ್ಲ, ಒಳಗೆ ಊತ ಏರುತ್ತದೆ, ರಕ್ತ ನಿಲ್ಲುತ್ತದೆ. ಕೈಯನ್ನು ಎತ್ತರಿಸಿಟ್ಟು ಗಂಟೆಗೊಮ್ಮೆ ಬೆರಳಿನ ತುದಿ ಒತ್ತಿ ಬಿಡಿ. ಬಣ್ಣ ನಿಧಾನವಾಗಿ ಬರುತ್ತಿದ್ದರೆ, ಬೆರಳು ತಣ್ಣಗಾದರೆ, ಜುಮ್ಮೆನ್ನುತ್ತಿದೆ ಅಂದರೆ, ಆ ಬೆರಳಿನಲ್ಲಿ ಆಕ್ಸಿಮೀಟರ್ ಓದದಿದ್ದರೆ ತಕ್ಷಣ ಸರ್ಜನ್‌ಗೆ ತಿಳಿಸಿ. ಆ ಚರ್ಮವನ್ನು ಉದ್ದಕ್ಕೆ ಸೀಳಿ ಒತ್ತಡ ಬಿಡಿಸುತ್ತಾರೆ. ನಾಡಿ ಸಿಗದೇ ಹೋಗುವವರೆಗೆ ಕಾಯಬಾರದು, ಅದು ತಡವಾದ ಲಕ್ಷಣ.

ಮನೆಯಲ್ಲಿ ಹಚ್ಚಿದ ಟೂತ್‌ಪೇಸ್ಟ್, ಅರಿಶಿನ, ಶಾಯಿ ಎಲ್ಲ ತೊಳೆದು ತೆಗೆಯಿರಿ. ಸರ್ಜನ್ ಗಾಯದ ಆಳ ನೋಡುವ ಮೊದಲು ಬಿಳಿ ಸಿಲ್ವರ್ ಕ್ರೀಮ್ ಬಳಿಯಬೇಡಿ. ಅದು ಗಾಯದ ಮೇಲೆ ಬೂದು ಪೊರೆ ಕಟ್ಟಿ ಆಳ ಗೊತ್ತಾಗದಂತೆ ಮಾಡುತ್ತದೆ. ಒದ್ದೆಯಾಗಿ, ಗುಲಾಬಿಯಾಗಿ, ಮುಟ್ಟಿದರೆ ತುಂಬ ನೋಯುವುದು ಮೇಲ್ಪದರದ ಗಾಯ. ಬಿಳಿಚಿ, ಚರ್ಮದ ಹಾಳೆಯಂತೆ ಗಟ್ಟಿಯಾಗಿ, ಸೂಜಿ ಚುಚ್ಚಿದರೂ ತಿಳಿಯದ್ದು ಪೂರ್ತಿ ಆಳದ್ದು. ನೋವಿಲ್ಲ ಅಂದರೆ ಗಾಯ ಸಣ್ಣದು ಅಂತಲ್ಲ. ಆಳ ಮೊದಲ ದಿನ ಖಚಿತವಾಗದು, ಎರಡು ಮೂರು ದಿನಕ್ಕೆ ಮತ್ತೆ ನೋಡಬೇಕು.

ಎರಡನೇ ಹಂತದಲ್ಲಿ ಸೋಂಕು ಮುಖ್ಯ ಶತ್ರು. ಪಟ್ಟಿ ಹಸಿರಾಗಿ ವಾಸನೆ ಬರುವುದು ಎಲ್ಲರಿಗೂ ಕಾಣುತ್ತದೆ. ಅದಕ್ಕೂ ಮೊದಲು ಗುಲಾಬಿ ಇದ್ದ ಜಾಗದಲ್ಲಿ ಕಪ್ಪು ಚುಕ್ಕೆ ಕಾಣುವುದು, ನಿನ್ನೆ ಚೆನ್ನಾಗಿ ಉಂಡವರು ಇವತ್ತು ಊಟ ಬೇಡ ಅನ್ನುವುದು, ಸಕ್ಕರೆ ಕಾರಣವಿಲ್ಲದೆ ಏರುವುದು, ಇವನ್ನು ಗಮನಿಸುವುದು ಹತ್ತಿರ ಇರುವ ನರ್ಸ್ ಮಾತ್ರ. ಚರ್ಮ ಕಸಿ ಆದ ಮೇಲೆ ಆ ಕೈ ಅಲುಗದಂತೆ, ಉಜ್ಜದಂತೆ ನೋಡಿಕೊಳ್ಳಿ. ಅಡಿಯಲ್ಲಿ ರಕ್ತ ಅಥವಾ ನೀರು ತುಂಬಿದರೆ ಕಸಿ ಎದ್ದು ಬರುತ್ತದೆ. ಮತ್ತೊಂದು ಮಾತು: ಚರ್ಮ ತೆಗೆದ ತೊಡೆ ಕಸಿ ಮಾಡಿದ ಜಾಗಕ್ಕಿಂತ ಜಾಸ್ತಿ ನೋಯುತ್ತದೆ. ನೋವಿನ ಡೋಸ್ ಲೆಕ್ಕ ಹಾಕುವಾಗ ಅದನ್ನು ಮರೆಯಬೇಡಿ.

ಮೂರನೇ ಹಂತ ಡಿಸ್ಚಾರ್ಜ್ ದಿನ ಶುರುವಾಗುವುದಿಲ್ಲ, ಮೊದಲ ದಿನವೇ ಶುರು. ಕೈ ಮಡಚಿ ಎದೆಗೆ ಒತ್ತಿಕೊಂಡರೆ ರೋಗಿಗೆ ಹಾಯೆನಿಸುತ್ತದೆ. ಆದರೆ ಹಾಗೇ ಗಾಯ ಒಣಗಿದರೆ ಕಂಕುಳು ಅಂಟಿಕೊಳ್ಳುತ್ತದೆ, ಮೊಣಕೈ ಬಿಚ್ಚುವುದಿಲ್ಲ. ಈಕೆಯ ತೋಳು ದೇಹದಿಂದ ಸುಮಾರು 90 ಡಿಗ್ರಿ ದೂರ ಇರಬೇಕು, ಮೊಣಕೈ ನೇರವಾಗಿರಬೇಕು. ಮಲಗುವಾಗ ಸ್ಪ್ಲಿಂಟ್ ಬೇಕು. ಕಲೆ ಹಣ್ಣಾಗಲು ಒಂದು ವರ್ಷಕ್ಕೂ ಹೆಚ್ಚು ಬೇಕು. ಅಷ್ಟು ದಿನ ಒತ್ತಡದ ಬಿಗಿ ಉಡುಪನ್ನು ದಿನಕ್ಕೆ 23 ಗಂಟೆ ಹಾಕಬೇಕು, ಸ್ನಾನಕ್ಕೆ ಮಾತ್ರ ಬಿಚ್ಚಬೇಕು. ಬೇಸಿಗೆಯಲ್ಲಿ ಇದು ನಿಜವಾಗಿ ಕಷ್ಟ, ತುರಿಕೆಯೂ ಜೋರು. ಮನೆಗೆ ಹೋದ ಮೇಲೆ ಎರಡು ವಾರ ಹಾಕಿ ಬಿಟ್ಟುಬಿಡುವವರು ಬಹಳ. ಅದಕ್ಕೇ ಫಾಲೋಅಪ್‌ಗೆ ಬಂದಾಗ "ಉಡುಪು ಹಾಕ್ತಿದೀರಾ?" ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. "ಕೈ ಮೇಲಕ್ಕೆತ್ತಿ, ಜಡೆ ಹಾಕ್ಕೊಂಡು ತೋರಿಸಮ್ಮಾ" ಅನ್ನಿ. ಕೈ ಎಲ್ಲಿ ನಿಲ್ಲುತ್ತದೋ ಅದನ್ನು ಅಳೆದು ಬರೆಯಿರಿ. ಹೋದ ತಿಂಗಳಿಗಿಂತ ಕೆಳಗೆ ನಿಂತರೆ ಅವತ್ತೇ ಫಿಸಿಯೋಥೆರಪಿಗೆ ಕಳಿಸಿ.