21ನೇ ಬೆಳಗ್ಗೆ ಹೊಸದೇನೂ ಬರೆಯಬೇಡಿ

ನನ್ನ ಬರವಣಿಗೆ ಕಮ್ಮಟಕ್ಕೆ ಬರುವವರಿಗೆ ಬೆಳಗಿನ ಬರಹಕ್ಕೆಂದು 21 ದಿನದ ಯೋಜನೆ ಕೊಡುತ್ತೇನೆ. ಅಷ್ಟರಲ್ಲಿ ರೂಢಿ ಕೂತುಬಿಡುತ್ತದೆ ಎಂಬ ಭರವಸೆಯಿಂದಲ್ಲ. ಶಸ್ತ್ರಚಿಕಿತ್ಸೆಯಾದವರಿಗೆ ಬದಲಾದ ಮುಖ ಒಗ್ಗಲು ಕನಿಷ್ಠ 21 ದಿನವಾದರೂ ಬೇಕು ಎಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತ ‘ಕನಿಷ್ಠ’ ಬಿದ್ದುಹೋಗಿ, ಯಾವ ರೂಢಿಗೂ 21 ದಿನ ಸಾಕು ಎಂದಾಯಿತು. ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ರೂಢಿ ಕೂರಲು ಬೇಕಾದ ಅವಧಿ 18ರಿಂದ 254 ದಿನಗಳವರೆಗೆ ಹರಡಿತ್ತು. ನನಗೆ 21 ಬೇಕಿರುವುದು ಬೇರೆ ಕಾರಣಕ್ಕೆ. ಸೋಮವಾರದಿಂದ ಭಾನುವಾರದವರೆಗೆ ಪ್ರತಿಯೊಂದು ವಾರವೂ ಅಷ್ಟರಲ್ಲಿ ಮೂರು ಸಲ ಬಂದುಹೋಗುವುದರಿಂದ, ಯಾವತ್ತು ತಪ್ಪುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ.

ಮೊದಲ ವಾರ 5 ನಿಮಿಷ, ಎರಡನೆಯದರಲ್ಲಿ 10, ಮೂರನೆಯದರಲ್ಲಿ 15. ದಿನವೂ ತಪ್ಪದೆ ಮಾಡುವ ಒಂದು ಕೆಲಸದ ಬೆನ್ನಿಗೇ ಬರಹಕ್ಕೆ ಕೂರಬೇಕು. ಸಂದೇಶವನ್ನು ಹಿಂದಿನ ರಾತ್ರಿ 9ಕ್ಕೇ ಕಳಿಸುತ್ತೇನೆ. ಬೆಳಗ್ಗೆ ಕಳಿಸಿದರೆ ಅದನ್ನು ನೋಡಲು ಫೋನ್ ತೆಗೆದವರು ಅಲ್ಲೇ ಉಳಿದುಬಿಡುತ್ತಾರೆ.

“ನಾಳೆ 4ನೇ ದಿನ. ಕಾಫಿ ಲೋಟ ಕೆಳಗಿಟ್ಟ ಕೂಡಲೇ 5 ನಿಮಿಷ. ಮೊದಲ ಸಾಲು ಹೀಗಿರಲಿ: ‘ನಿನ್ನೆ ಅಡುಗೆಮನೆಯಲ್ಲಿ ಕೇಳಿದ ಸದ್ದು...’ ನೋಟ್‌ಬುಕ್, ಪೆನ್ನು ಈಗಲೇ ತೆಗೆದಿಡಿ.”

ದಿನದ ಸಂಖ್ಯೆ, ನಿಮಿಷ, ಮೊದಲ ಸಾಲು ಮಾತ್ರ ಬದಲಾಗುತ್ತವೆ. ಮೊದಲ ಸಾಲು ಕೊಡದಿದ್ದರೆ 5 ನಿಮಿಷವೂ ಏನು ಬರೆಯಲಿ ಎಂಬ ಯೋಚನೆಯಲ್ಲೇ ಹೋಗುತ್ತದೆ.

ಮೊದಮೊದಲು ನಾನು ಗುಂಪಿನಲ್ಲಿ “ಎಲ್ಲರೂ ಬರೆದಿರಾ?” ಎಂದು ಕೇಳುತ್ತಿದ್ದೆ. ಬರೆದವರು ಉತ್ತರಿಸುತ್ತಿದ್ದರು, ತಪ್ಪಿಸಿದವರು ಸದ್ದಿಲ್ಲದೆ ಹೊರಗೆ ಹೋಗುತ್ತಿದ್ದರು. ಈಗ ತಪ್ಪಿಸಿದವರಿಗೆ ಪ್ರತ್ಯೇಕವಾಗಿ ಹೀಗೆ ಬರೆಯುತ್ತೇನೆ: “ನಿನ್ನೆಯದು ನಿನ್ನೆಗೇ ಮುಗಿಯಿತು. ನಾಳೆ ಎಂದಿನಷ್ಟೇ ಬರೆಯಿರಿ, ಬಾಕಿ ಸೇರಿಸಬೇಡಿ.” ಬಾಕಿ ತೀರಿಸಲು ಕೂತವರಿಗೆ 5 ನಿಮಿಷದ ಕೆಲಸ ಅರ್ಧ ಗಂಟೆಯ ಹೊರೆಯಾಗಿ, ಮರುದಿನವೂ ತಪ್ಪುತ್ತದೆ. ಒಂದು ದಿನ ಬಿಟ್ಟರೆ ರೂಢಿ ಕೆಡುವುದಿಲ್ಲವೆಂದು ಲಾಲಿಯವರ ಅಧ್ಯಯನವೂ ಹೇಳುತ್ತದೆ.

ಬರೆದ ಪುಟದ ಅಂಚಿನಲ್ಲಿ ದಿನವೂ ಎರಡು ಗುರುತು ಹಾಕಬೇಕು: ಎಷ್ಟು ಹೊತ್ತಿಗೆ ಕೂತೆ, ಅದಕ್ಕೆ ಮೊದಲು ಏನು ಮಾಡುತ್ತಿದ್ದೆ. 21ನೇ ಬೆಳಗ್ಗೆ ಓದಬೇಕಾದದ್ದು ಈ ಅಂಚನ್ನೇ. ಬರಹ ಚೆನ್ನಾಗಿದೆಯೇ ಎಂದು ಅಂದು ನೋಡಬೇಡಿ.

ಶನಿವಾರ ಶುರುಮಾಡಿದ ಗೃಹಿಣಿಯೊಬ್ಬರು 20ರಲ್ಲಿ 17 ದಿನ ಬರೆದಿದ್ದರು. “ನನಗೆ ಶಿಸ್ತೇ ಇಲ್ಲ ಮೇಡಂ” ಎಂದು ನೋಟ್‌ಬುಕ್ ಮುಂದಿಟ್ಟರು. ತಪ್ಪಿದ್ದು 3, 10, 17ನೇ ದಿನ. ಮೂರೂ ಸೋಮವಾರ.

“ಸೋಮವಾರ ಬೆಳಗ್ಗೆ ಮನೆಯಲ್ಲಿ ಏನಿರುತ್ತದೆ?”

“ನಲ್ಲಿ ನೀರು ಬರುತ್ತೆ. ಕಾಫಿಗೆ ಮೊದಲೇ ಡ್ರಮ್ಮು, ಕೊಡ ಎಲ್ಲ ತುಂಬಿಸಬೇಕು. ಕಾಫಿಯನ್ನ ನಿಂತೇ ಕುಡಿಯೋದು.”

ಅಂದರೆ ಅವತ್ತು ಲೋಟ ಕೆಳಗಿಟ್ಟು ಕೂರುವ ಗಳಿಗೆಯೇ ಇರಲಿಲ್ಲ. ಮುಂದಿನ 21 ದಿನಕ್ಕೆ ಉಳಿದದ್ದೆಲ್ಲ ಹಾಗೇ ಇಟ್ಟು, ಭಾನುವಾರ ರಾತ್ರಿಯ ಸಂದೇಶವನ್ನಷ್ಟೇ ಇಬ್ಬರೂ ಕೂತು ತಿದ್ದಿದೆವು: “ನಾಳೆ ನೀರಿನ ದಿನ. ಕೊನೆಯ ಕೊಡ ತುಂಬಿ ನಲ್ಲಿ ನಿಲ್ಲಿಸಿದ ಮೇಲೆ, ಅಲ್ಲೇ ಮೆಟ್ಟಿಲ ಮೇಲೆ, 5 ನಿಮಿಷ.”