ಫೋಟೋದಲ್ಲಿ ಹಲ್ಲೆಣಿಸಿ ಸೈಕಲ್ಲಿನ ಗೇರ್ ಅನುಪಾತ ಕಂಡುಹಿಡಿಯುವುದು

ಪೆಡಲ್ ಒಂದು ಪೂರ್ತಿ ಸುತ್ತು ಬಂದರೆ ಸೈಕಲ್ ಎಷ್ಟು ದೂರ ಹೋಗುತ್ತದೆ? ಇದನ್ನು ಹೇಳಲು ಮೂರು ಸಂಖ್ಯೆ ಸಾಕು: ಪೆಡಲ್ ಪಕ್ಕದ ದೊಡ್ಡ ಚಕ್ರದ ಹಲ್ಲುಗಳು, ಹಿಂದಿನ ಫ್ರೀವೀಲಿನ ಹಲ್ಲುಗಳು, ಹಿಂದಿನ ಗಾಲಿಯ ಸುತ್ತಳತೆ. ಮೊದಲಿನ ಎರಡು ಒಂದು ಒಳ್ಳೆಯ ಫೋಟೋದಲ್ಲೇ ಸಿಗುತ್ತವೆ. ಇಲ್ಲಿ ನಮ್ಮ ಊರುಗಳಲ್ಲಿ ಕಾಣುವ ಗೇರ್ ಇಲ್ಲದ, 28 ಇಂಚಿನ ಕಪ್ಪು ಸೈಕಲ್ಲನ್ನೇ ಉದಾಹರಣೆಯಾಗಿ ಹಿಡಿಯೋಣ. ಚೈನ್ ಕವರ್ ಪೂರ್ತಿ ಮುಚ್ಚಿದ್ದರೆ ಲೆಕ್ಕ ಸಾಗದು. ಚೈನ್ ಬಯಲಿಗೆ ಕಾಣುವ ಸೈಕಲ್ ಬೇಕು.

ಫೋಟೋವನ್ನು ಸೈಕಲ್ಲಿನ ಬಲಗಡೆಯಿಂದ, ಚೈನಿನ ಎತ್ತರಕ್ಕೆ ಕೂತು, ನೇರವಾಗಿ ತೆಗೆಯಿರಿ. ಓರೆಯಾಗಿ ತೆಗೆದರೂ ಎಣಿಕೆ ತಪ್ಪುವುದಿಲ್ಲ, ಆದರೆ ಕೋನ ಅಳೆಯುವಾಗ ಮೋಸವಾಗುತ್ತದೆ. ದೊಡ್ಡ ಚಕ್ರದ ಅಡ್ಡಗಲವೂ ಎತ್ತರವೂ ಫೋಟೋದಲ್ಲಿ ಸಮವಾಗಿದ್ದರೆ ಅದು ನೇರ ಫೋಟೋ.

ಹಲ್ಲೆಣಿಸಲು ಕೂತಾಗ ಮೊದಲ ತೊಡಕು ಚೈನಿನದು. ದೊಡ್ಡ ಚಕ್ರದ ಮುಂಭಾಗದ ಅರ್ಧವನ್ನು ಚೈನ್ ಅಪ್ಪಿಕೊಂಡಿರುತ್ತದೆ, ಅಲ್ಲಿ ಹಲ್ಲು ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಹಲ್ಲನ್ನು ಬಿಟ್ಟು ಹಲ್ಲುಗಳ ನಡುವಿನ ಸಂದಿಗಳನ್ನು ಎಣಿಸಿ. ಚಕ್ರಕ್ಕೆ ಎಷ್ಟು ಹಲ್ಲೋ ಅಷ್ಟೇ ಸಂದಿ. ಚೈನ್ ಕೂತಿರುವ ಕಡೆ ಒಂದೊಂದು ಸಂದಿಗೂ ಚೈನಿನ ಒಂದೊಂದು ಪಿನ್ ಇರುತ್ತದೆ, ಅದರ ದುಂಡು ತಲೆ ಹೊರಗಿನಿಂದ ಚೆನ್ನಾಗಿ ಕಾಣುತ್ತದೆ. ಅಲ್ಲಿ ಪಿನ್ ಎಣಿಸಿ, ಬಯಲಿರುವ ಕಡೆ ಖಾಲಿ ಸಂದಿ ಎಣಿಸಿ, ಎರಡನ್ನೂ ಕೂಡಿಸಿ. ಒಂದು ಕಡೆ ಪಿನ್, ಇನ್ನೊಂದು ಕಡೆ ಹಲ್ಲು ಎಂದು ಎಣಿಸಿದರೆ ಎರಡೂ ಸೇರುವ ಜಾಗದಲ್ಲಿ ಒಂದು ಹೆಚ್ಚೋ ಕಡಿಮೆಯೋ ಆಗುವುದು ಬಹಳ ಸುಲಭ. ಎಣಿಸಿದ ಪ್ರತಿಯೊಂದಕ್ಕೂ ಫೋಟೋದ ಮೇಲೆ ಚುಕ್ಕೆ ಇಡುತ್ತಾ ಹೋಗಿ.

ಎರಡನೆಯ ತೊಡಕು ಕ್ರ್ಯಾಂಕ್. ಪೆಡಲ್ ಹಿಡಿದಿರುವ ಆ ಕಬ್ಬಿಣದ ತೋಳು ಒಂದೆರಡು ಸಂದಿಗಳನ್ನು ಮರೆಮಾಡುತ್ತದೆ. ಇಲ್ಲಿ ಚೈನೇ ಅಳತೆಪಟ್ಟಿ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್, ಸಂದಿಗಳ ನಡುವೆಯೂ ಅದೇ ಅಂತರ. ಕ್ರ್ಯಾಂಕಿನ ಈಚೆಯ ಕೊನೆಯ ಸಂದಿಯಿಂದ ಆಚೆಯ ಮೊದಲ ಸಂದಿಗೆ ಚೈನಿನ ಮೂರು ಕೊಂಡಿಯಷ್ಟು ಅಂತರವಿದ್ದರೆ ಮರೆಯಲ್ಲಿರುವುದು ಎರಡು ಸಂದಿ. ನಮ್ಮ ಉದಾಹರಣೆಯಲ್ಲಿ 23 ಪಿನ್, 19 ಖಾಲಿ ಸಂದಿ, ಮರೆಯಲ್ಲಿ 2 ಎಂದುಕೊಳ್ಳಿ. ಒಟ್ಟು 44.

ಫ್ರೀವೀಲ್ ಇದಕ್ಕಿಂತ ಕಷ್ಟ. ಚೈನ್ ಇಲ್ಲದ ಮುಂಭಾಗವನ್ನು ಚೌಕಟ್ಟಿನ ಕೊಳವೆ, ತುದಿಯ ತಗಡು, ನಟ್ಟು ಎಲ್ಲಾ ಸೇರಿ ಮುಚ್ಚಿಬಿಡುತ್ತವೆ. ಪೂರ್ತಿ ಎಣಿಸಲಾಗದಿದ್ದರೆ ಕೋನ ಅಳೆಯಿರಿ. ಹಿಂದೆ ಚೈನ್ ಕೂತಿರುವ ಕಡೆ ಒಂದು ಪಿನ್ ಹಿಡಿದು ಅಲ್ಲಿಂದ ಏಳನೆಯ ಪಿನ್ನಿನವರೆಗೆ ಹೋಗಿ. ನಡುವೆ ಆರು ಹೆಜ್ಜೆ. ಎರಡೂ ಪಿನ್ನುಗಳಿಂದ ಅಚ್ಚಿನ ಮಧ್ಯಕ್ಕೆ ಗೆರೆ ಎಳೆದು ಕೋನಮಾಪಕ ಇಡಿ. 18 ಹಲ್ಲಿದ್ದರೆ ಹೆಜ್ಜೆಗೆ 20 ಡಿಗ್ರಿಯಂತೆ ಸರಿಯಾಗಿ 120 ಡಿಗ್ರಿ ಬರಬೇಕು. 17 ಆದರೆ ಸುಮಾರು 127, 19 ಆದರೆ ಸುಮಾರು 114. ಆರೇಳು ಡಿಗ್ರಿಯ ಅಂತರ ಕಣ್ಣಿಗೆ ತಪ್ಪುವುದಿಲ್ಲ. ಈ ಎಚ್ಚರ ಹಿಂದೆಯೇ ಹೆಚ್ಚು ಬೇಕು: ಮುಂದೆ ಒಂದು ಹಲ್ಲು ತಪ್ಪಿದರೆ ಉತ್ತರ ಶೇ. 2ರಷ್ಟು ಆಚೀಚೆಯಾಗುತ್ತದೆ, ಹಿಂದೆ ಒಂದು ತಪ್ಪಿದರೆ ಶೇ. 5ಕ್ಕೂ ಹೆಚ್ಚು.

ಈಗ ಲೆಕ್ಕ.

44 ÷ 18 = 2.44

ಪೆಡಲ್ ಒಂದು ಸುತ್ತಿಗೆ ಹಿಂದಿನ ಗಾಲಿ 2.44 ಸುತ್ತು ತಿರುಗುತ್ತದೆ. ಭೌತಶಾಸ್ತ್ರದ ಪುಸ್ತಕಗಳಲ್ಲಿ ಗೇರ್ ಅನುಪಾತವನ್ನು ಸಾಮಾನ್ಯವಾಗಿ ತಿರುಗಿಸಿಕೊಳ್ಳುವ ಚಕ್ರದ ಹಲ್ಲು ಭಾಗಿಸು ತಿರುಗಿಸುವ ಚಕ್ರದ ಹಲ್ಲು ಎಂದು ಬರೆಯುತ್ತಾರೆ, ಆಗ 0.41 ಬರುತ್ತದೆ. ಎರಡೂ ಒಂದೇ ಸಂಗತಿ, ಆದರೆ ದೂರದ ಲೆಕ್ಕಕ್ಕೆ ಮುಂದಿನದನ್ನು ಹಿಂದಿನದರಿಂದ ಭಾಗಿಸುವುದೇ ಅನುಕೂಲ.

ಗಾಲಿಯನ್ನು ಫೋಟೋದಲ್ಲಿ ಅಳೆಯಬೇಡಿ. ಅದು ಚೈನಿಗಿಂತ ನಾಲ್ಕೈದು ಸೆಂಟಿಮೀಟರ್ ಆಚೆಗಿರುವುದರಿಂದ ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಳತೆ ಓದಿ. 28 × 1½ ಎಂದಿದ್ದರೆ ಹೊರವ್ಯಾಸ ಸುಮಾರು 0.711 ಮೀಟರ್, ಸುತ್ತಳತೆ 3.14 × 0.711, ಅಂದರೆ 2.23 ಮೀಟರ್.

2.44 × 2.23 = 5.44 ಮೀಟರ್

ಸವಾರ ಕೂತಾಗ ಟೈರು ತುಸು ಕುಗ್ಗುವುದರಿಂದ ನಿಜವಾದ ದೂರ ಇದಕ್ಕಿಂತ ಸ್ವಲ್ಪ ಕಡಿಮೆ. ಪರೀಕ್ಷಿಸಬೇಕಿದ್ದರೆ ಒಬ್ಬರು ಸೈಕಲ್ ಮೇಲೆ ಕೂರಲಿ, ಇನ್ನೊಬ್ಬರು ಹಿಡಿದುಕೊಳ್ಳಲಿ. ಬಲ ಪೆಡಲ್ ಕೆಳಗಿರುವಾಗ ಹಿಂದಿನ ಗಾಲಿ ನೆಲ ಮುಟ್ಟುವಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಪೆಡಲ್ ತುಳಿಯುತ್ತಲೇ ಮತ್ತೆ ಕೆಳಗೆ ಬರುವವರೆಗೆ ನಿಧಾನವಾಗಿ ಮುಂದೆ ಹೋಗಿ ಇನ್ನೊಂದು ಗೆರೆ. ನಡುವೆ ತುಳಿಯುವುದನ್ನು ನಿಲ್ಲಿಸಿದರೆ ಫ್ರೀವೀಲ್ ಜಾರಿ ಗಾಲಿ ಮಾತ್ರ ಮುಂದೆ ಹೋಗುತ್ತದೆ, ದೂರ ಹೆಚ್ಚು ಬರುತ್ತದೆ. ಗೆರೆಗಳ ನಡುವೆ 5.3ರಿಂದ 5.45 ಮೀಟರ್ ಬಂದರೆ ಎಣಿಕೆ ಸರಿ. 5.1ರ ಹತ್ತಿರವೋ 5.7ರ ಹತ್ತಿರವೋ ಬಂದರೆ ಮೊದಲು ಫ್ರೀವೀಲಿನ ಹಲ್ಲನ್ನೇ ಮತ್ತೆ ಎಣಿಸಿ.